ಪಿಜಿ ಬೋರ್ಡಿನಲ್ಲಿ ಕಾಣದ ಬಾಡಿಗೆ

‘ಲೇಡೀಸ್ ಪಿಜಿ. ಟೂ ಶೇರಿಂಗ್ 9,500. ಮೂರು ಹೊತ್ತು ಊಟ, ವೈಫೈ, ವಾಷಿಂಗ್ ಮೆಷಿನ್. ಅಡ್ವಾನ್ಸ್ 10,000.’

ಬೆಂಗಳೂರಿನ ಮಾರತಹಳ್ಳಿ, ಬೆಳ್ಳಂದೂರಿನಂಥ ಆಫೀಸು ಪ್ರದೇಶಗಳ ಗಲ್ಲಿಗಳಲ್ಲಿ ಇಂಥ ಬೋರ್ಡುಗಳು ಸಾಲುಸಾಲಾಗಿ ಸಿಗುತ್ತವೆ. ಕೆಲಸಕ್ಕೆಂದು ಊರಿನಿಂದ ಬಂದ ಹೆಣ್ಣುಮಗಳು ಮೊದಲು ನೋಡುವುದು 9,500 ಎಂಬ ಅಂಕಿಯನ್ನು. ಆದರೆ ಅವಳ ಕೈಯಿಂದ ಖರ್ಚಾಗುವುದು ಅಷ್ಟೇ ಅಲ್ಲ.

ಮೊದಲನೆಯದು ಊಟ. ಮೂರು ಹೊತ್ತು ಎಂದರೂ ಅನೇಕ ಕಡೆ ಮಧ್ಯಾಹ್ನದ ಊಟ ಶನಿವಾರ, ಭಾನುವಾರ ಮಾತ್ರ. ಉಳಿದ ದಿನ ಡಬ್ಬಿ ಕಟ್ಟಿಕೊಡುತ್ತಾರಾ, ಎಷ್ಟು ಗಂಟೆಗೆ ಕೊಡುತ್ತಾರೆ ಎಂದು ಕೇಳಬೇಕು. ಏಳೂವರೆಗೆ ಕ್ಯಾಬ್ ಹತ್ತುವವಳಿಗೆ ಎಂಟಕ್ಕೆ ಸಿದ್ಧವಾಗುವ ಡಬ್ಬಿಯಿಂದ ಪ್ರಯೋಜನವಿಲ್ಲ.

ಎರಡನೆಯದು ಅಡ್ವಾನ್ಸ್. ಖಾಲಿ ಮಾಡುವಾಗ ‘ಮೇಂಟೆನೆನ್ಸ್’ ಎಂದು ಅದರಲ್ಲಿ ಒಂದಷ್ಟು ಮುರಿದುಕೊಳ್ಳುವುದು ರೂಢಿ. ಮುಂಚೆಯೇ ನೋಟಿಸ್ ಕೊಡದೆ ಹೊರಟರೆ ಪೂರ್ತಿ ಅಡ್ವಾನ್ಸೇ ಹೋಗಬಹುದು.

ಒಂದು ಲೆಕ್ಕ ಹಾಕಿ ನೋಡೋಣ. ಆರು ತಿಂಗಳು ಇದ್ದು, 2,000 ಮುರಿದುಕೊಂಡರೆ ತಿಂಗಳಿಗೆ ಸುಮಾರು 333 ರೂಪಾಯಿ ಸೇರಿತು. ತಿಂಗಳಲ್ಲಿ 22 ದಿನ ಹೊರಗೆ 80 ರೂಪಾಯಿಯ ಊಟವಾದರೆ 1,760. ಅಲ್ಲಿಗೆ 9,500ರ ರೂಮು 11,593 ಆಯಿತು. ಪಕ್ಕದ ಬೀದಿಯಲ್ಲಿ ಡಬ್ಬಿ ಕೊಟ್ಟು, ಏನನ್ನೂ ಮುರಿದುಕೊಳ್ಳದೆ 10,500 ಕೇಳುವ ಪಿಜಿಯೇ ಅಗ್ಗ.

ಇನ್ನು ರೂಮು. ಬಿಬಿಎಂಪಿ 2024ರಲ್ಲಿ ಹೊರಡಿಸಿದ ಪಿಜಿ ಮಾರ್ಗಸೂಚಿಯ ಪ್ರಕಾರ ಒಬ್ಬೊಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕು. ಸಿಸಿಟಿವಿ, ಕಾವಲು ಕಡ್ಡಾಯ. ಹತ್ತಕ್ಕೆ ಹನ್ನೆರಡಡಿಯ ರೂಮೆಂದರೆ 120 ಚದರಡಿ. ಈ ಅಳತೆಯಲ್ಲಿ ಅದು ಇಬ್ಬರಿಗೇ ಸಾಲದು. ಅಂಥ ರೂಮಿನಲ್ಲಿ ಮೂರು ಮಂಚ ಕಂಡರೆ, ನಿಯಮ ಮೀರಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಗೇಟಿನ ಸಮಯವನ್ನೂ ನಿಮ್ಮ ಶಿಫ್ಟಿಗೆ ಹೊಂದಿಸಿ ನೋಡಿ. ಹತ್ತೂವರೆಗೆ ಗೇಟು ಹಾಕುವ ಕಡೆ ಹನ್ನೊಂದಕ್ಕೆ ಬರುವವರಿಗೆ ಬಾಗಿಲು ತೆಗೆಯುವವರು ಯಾರು, ರಾತ್ರಿ ಊಟ ಎತ್ತಿಡುತ್ತಾರಾ? ‘ಬನ್ನಿ, ಅಡ್ಜಸ್ಟ್ ಮಾಡೋಣ’ ಎಂಬ ಮಾಲೀಕರ ಮಾತು ಸಾಲದು. ಅಲ್ಲಿರುವ ಹುಡುಗಿಯರನ್ನೇ ವಿಚಾರಿಸಿ. ನೀರು ಎಷ್ಟು ಹೊತ್ತು ಬರುತ್ತದೆ, ಅಡ್ವಾನ್ಸ್ ವಾಪಸ್ ಬಂತೇ ಎಂಬುದನ್ನು ಅವರಷ್ಟು ನೇರವಾಗಿ ಯಾರೂ ಹೇಳರು.

ಹಣ ಕೊಡುವ ಮುನ್ನ ಮುರಿದುಕೊಳ್ಳುವ ಮೊತ್ತ, ನೋಟಿಸ್ ಅವಧಿ, ಅಡ್ವಾನ್ಸ್ ಹಿಂತಿರುಗಿಸುವ ದಿನ ಇವು ಮೂರನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಕಡೆ ಅಡ್ವಾನ್ಸ್ ಕಟ್ಟಬೇಡಿ.