ಶಿಕ್ಷಣ ಸಾಲದ ಮರುಪಾವತಿ: ವಿರಾಮ ಅವಧಿಯ ಬಡ್ಡಿ ಹಾಗೂ ಮೊದಲ ವೇತನದ ಯೋಜನೆ
(ದಾವಣಗೆರೆ ನಗರ ಹಾಗೂ ಹರಿಹರದ ವಿದ್ಯಾರ್ಥಿಗಳು ಮತ್ತು ಪೋಷಕರ ಮಾಹಿತಿಗಾಗಿ)

ದಾವಣಗೆರೆಯ ಎಂಜಿನಿಯರಿಂಗ್, ವೈದ್ಯಕೀಯ ಮತ್ತಿತರ ವೃತ್ತಿಪರ ಕಾಲೇಜುಗಳಲ್ಲಿ ವ್ಯಾಸಂಗ ಮಾಡಲು ಬ್ಯಾಂಕುಗಳಿಂದ ಶಿಕ್ಷಣ ಸಾಲ ಪಡೆಯುವ ಕುಟುಂಬಗಳು ಸಾಲ ಮಂಜೂರಾಗುವವರೆಗಿನ ವಿಧಿವಿಧಾನಗಳನ್ನು ಸಾಮಾನ್ಯವಾಗಿ ತಿಳಿದಿರುತ್ತವೆ. ಆದರೆ ಮೊದಲ ಕಂತಿನ ಸೂಚನೆ ಬಂದಾಗ, ಪಡೆದ ಮೊತ್ತಕ್ಕಿಂತ ಬಾಕಿ ಮೊತ್ತವು ಗಣನೀಯವಾಗಿ ಹೆಚ್ಚಿರುವುದನ್ನು ಕಂಡು ಅನೇಕರು ಗೊಂದಲಕ್ಕೊಳಗಾಗುತ್ತಾರೆ. ಈ ವ್ಯತ್ಯಾಸವು ಹೇಗೆ ಉಂಟಾಗುತ್ತದೆ ಹಾಗೂ ಅದನ್ನು ಹೇಗೆ ತಗ್ಗಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ವಿರಾಮ ಅವಧಿ ಎಂದರೇನು?

ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ, ವ್ಯಾಸಂಗದ ಅವಧಿ ಮತ್ತು ಅದರ ನಂತರದ ಒಂದು ವರ್ಷ ಮರುಪಾವತಿಗೆ ವಿರಾಮವಿರುತ್ತದೆ. ಇದನ್ನು ಮೊರಟೋರಿಯಂ ಎಂದು ಕರೆಯಲಾಗುತ್ತದೆ. ಈ ಅವಧಿಯಲ್ಲಿ ಕಂತು ಕಟ್ಟುವುದು ಕಡ್ಡಾಯವಲ್ಲ. ಅವಧಿ ಮುಗಿದ ನಂತರ ಗರಿಷ್ಠ 15 ವರ್ಷಗಳಲ್ಲಿ ಸಾಲವನ್ನು ತೀರಿಸಬಹುದಾಗಿದೆ. ಹಳೆಯ ಕೆಲವು ಸಾಲಗಳಲ್ಲಿ ಉದ್ಯೋಗ ದೊರೆತ ಆರು ತಿಂಗಳಿಗೇ ವಿರಾಮ ಮುಗಿಯುವ ಷರತ್ತು ಇರುವುದರಿಂದ, ಸಾಲಗಾರರು ತಮ್ಮ ಮಂಜೂರಾತಿ ಪತ್ರದಲ್ಲಿ ಮೊದಲ ಕಂತಿನ ದಿನಾಂಕವನ್ನು ಪರಿಶೀಲಿಸಿಕೊಳ್ಳುವುದು ಅವಶ್ಯ.

ವಿರಾಮವು ಕಂತಿಗೆ ಮಾತ್ರ, ಬಡ್ಡಿಗೆ ಅಲ್ಲ ಎಂಬುದನ್ನು ಗಮನಿಸತಕ್ಕದ್ದು. ಪ್ರತಿ ವರ್ಷದ ಶುಲ್ಕದ ಮೊತ್ತ ಬಿಡುಗಡೆಯಾದ ದಿನದಿಂದಲೇ ಆ ಮೊತ್ತದ ಮೇಲೆ ಬಡ್ಡಿ ಆರಂಭವಾಗುತ್ತದೆ. ವಿರಾಮ ಅವಧಿಯಲ್ಲಿ ಇದು ಸರಳ ಬಡ್ಡಿಯಾಗಿರುತ್ತದೆ. ಅವಧಿ ಮುಗಿದ ದಿನ, ಕಟ್ಟದೆ ಉಳಿದ ಬಡ್ಡಿಯೆಲ್ಲವೂ ಅಸಲಿಗೆ ಸೇರುತ್ತದೆ. ಅಂದಿನಿಂದ ಆ ಬಡ್ಡಿಯ ಮೇಲೂ ಬಡ್ಡಿ ಬೀಳುತ್ತದೆ.

2. ಉದಾಹರಣೆ

ಹರಿಹರದ ಒಬ್ಬ ವಿದ್ಯಾರ್ಥಿನಿಯು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿಗೆ ಪ್ರತಿದಿನ ಹೋಗಿಬಂದು ವ್ಯಾಸಂಗ ಮಾಡಿದಳೆಂದು ಭಾವಿಸೋಣ. 2021ರ ಆಗಸ್ಟ್‌ನಿಂದ ನಾಲ್ಕು ವರ್ಷ, ಪ್ರತಿ ಆಗಸ್ಟ್‌ನಲ್ಲಿ ರೂ. 1,00,000ದಂತೆ ಒಟ್ಟು ರೂ. 4,00,000 ಸಾಲ ಬಿಡುಗಡೆಯಾಗಿದೆ. 2025ರ ಜುಲೈನಲ್ಲಿ ವ್ಯಾಸಂಗ, 2026ರ ಜುಲೈನಲ್ಲಿ ವಿರಾಮ ಅವಧಿ ಮುಗಿಯುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಬಡ್ಡಿ ದರವನ್ನು ಶೇ. 10 ಎಂದು ಇಟ್ಟುಕೊಳ್ಳಲಾಗಿದೆ. ನೈಜ ದರವು ಬ್ಯಾಂಕನ್ನು ಅವಲಂಬಿಸಿರುತ್ತದೆ.

ಮೊದಲ ವರ್ಷದ ಮೊತ್ತಕ್ಕೆ ಐದು ವರ್ಷಗಳ ಬಡ್ಡಿ ರೂ. 50,000, ಎರಡನೆಯದಕ್ಕೆ ರೂ. 40,000, ಮೂರನೆಯದಕ್ಕೆ ರೂ. 30,000 ಹಾಗೂ ಕೊನೆಯದಕ್ಕೆ ರೂ. 20,000 ಆಗುತ್ತದೆ. ಒಟ್ಟು ಬಡ್ಡಿ ರೂ. 1,40,000. ಆದ್ದರಿಂದ ಕಂತು ಆರಂಭವಾಗುವಾಗ ಬಾಕಿಯು ರೂ. 5,40,000 ಆಗಿರುತ್ತದೆ. ಹತ್ತು ವರ್ಷಗಳ ಮರುಪಾವತಿಗೆ ಮಾಸಿಕ ಕಂತು ಸುಮಾರು ರೂ. 7,136 ಆಗುತ್ತದೆ. ಬಡ್ಡಿಯನ್ನು ಅದು ಬೀಳುತ್ತಿದ್ದಂತೆಯೇ ಕಟ್ಟಿದ್ದರೆ ಅಸಲು ರೂ. 4,00,000ದಲ್ಲಿಯೇ ಉಳಿದು ಕಂತು ಸುಮಾರು ರೂ. 5,286 ಆಗುತ್ತಿತ್ತು. ಅಂದರೆ ಅಸಲಿಗೆ ಸೇರಿದ ರೂ. 1,40,000ವನ್ನು ತೀರಿಸಲು ಹತ್ತು ವರ್ಷಗಳಲ್ಲಿ ಸುಮಾರು ರೂ. 2,22,000 ಕಟ್ಟಬೇಕಾಗುತ್ತದೆ. ಬಡ್ಡಿಯ ಮೇಲಿನ ಬಡ್ಡಿಯೇ ರೂ. 82,000ದಷ್ಟಾಗುತ್ತದೆ.

3. ವ್ಯಾಸಂಗದ ಅವಧಿಯಲ್ಲಿ ಬಡ್ಡಿ ಪಾವತಿ

ಮೇಲಿನ ಉದಾಹರಣೆಯಲ್ಲಿ ಬಡ್ಡಿಯನ್ನು ಮಾತ್ರ ಕಟ್ಟುವುದಾದರೆ ಮೊದಲ ವರ್ಷ ತಿಂಗಳಿಗೆ ಸುಮಾರು ರೂ. 833, ಎರಡನೆಯ ವರ್ಷ ರೂ. 1,667, ಮೂರನೆಯ ವರ್ಷ ರೂ. 2,500 ಹಾಗೂ ನಂತರ ರೂ. 3,333 ಬೇಕಾಗುತ್ತದೆ. ಎಲ್ಲವನ್ನೂ ಕಟ್ಟಲಾಗದ ಕುಟುಂಬವು ಮೊದಲ ಎರಡು ವರ್ಷಗಳ ಸಣ್ಣ ಮೊತ್ತವನ್ನಾದರೂ ಕಟ್ಟಬಹುದು. ವಿರಾಮ ಅವಧಿಯ ಬಡ್ಡಿಯನ್ನು ಕ್ರಮವಾಗಿ ಪಾವತಿಸಿದವರಿಗೆ ಬಡ್ಡಿ ದರದಲ್ಲಿ ಶೇ. 1ರ ರಿಯಾಯಿತಿ ನೀಡಲು ಮಾದರಿ ಯೋಜನೆಯಲ್ಲಿ ಅವಕಾಶವಿದ್ದು, ಈ ಕುರಿತು ಶಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.

ಕುಟುಂಬದ ವಾರ್ಷಿಕ ಆದಾಯವು ರೂ. 4.5 ಲಕ್ಷ ಮೀರದಿದ್ದಲ್ಲಿ, ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳ ಅರ್ಹ ವಿದ್ಯಾರ್ಥಿಗಳ ವಿರಾಮ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವು ಭರಿಸುವ ಯೋಜನೆಯು 2009ರಿಂದ ಜಾರಿಯಲ್ಲಿದೆ. ಕೆನರಾ ಬ್ಯಾಂಕ್ ಇದರ ನೋಡಲ್ ಬ್ಯಾಂಕ್ ಆಗಿರುತ್ತದೆ. ಇದಕ್ಕೆ ಆದಾಯ ಪ್ರಮಾಣ ಪತ್ರ ಅಗತ್ಯವಿದ್ದು, ಅದನ್ನು ನಾಡಕಚೇರಿಯ ಮೂಲಕ ಪಡೆಯಬಹುದು. ಸಹಾಯಧನವು ತಾನಾಗಿಯೇ ಜಮೆಯಾಗಿದೆ ಎಂದು ಭಾವಿಸದೆ, ಪ್ರತಿ ವರ್ಷ ಸಾಲ ಖಾತೆಯ ವಿವರಪಟ್ಟಿಯನ್ನು ಪಡೆದು ಜಮೆಯಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಪಟ್ಟಿಯಲ್ಲಿ ಬಡ್ಡಿ ಏರುತ್ತಿದ್ದು, ಸಹಾಯಧನದ ಜಮೆ ಕಾಣದಿದ್ದರೆ ಶಾಖೆಗೆ ಲಿಖಿತವಾಗಿ ತಿಳಿಸಬೇಕು. ವ್ಯಾಸಂಗವನ್ನು ಮಧ್ಯದಲ್ಲಿಯೇ ಬಿಟ್ಟವರಿಗೆ, ಅನಾರೋಗ್ಯದ ಕಾರಣವನ್ನು ಹೊರತುಪಡಿಸಿ, ಈ ಸೌಲಭ್ಯ ಲಭ್ಯವಿಲ್ಲ.

4. ಮೊದಲ ವೇತನದ ಯೋಜನೆ

ಅದೇ ವಿದ್ಯಾರ್ಥಿನಿಗೆ 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಉದ್ಯೋಗ ದೊರೆತು, ಕಡಿತಗಳು ಕಳೆದು ಕೈಗೆ ರೂ. 22,000 ಬರುತ್ತದೆ ಎಂದಿಟ್ಟುಕೊಳ್ಳೋಣ. ನೇಮಕಾತಿ ಪತ್ರದಲ್ಲಿ ನಮೂದಾಗಿರುವ ವಾರ್ಷಿಕ ವೇತನವನ್ನು ಆಧಾರವಾಗಿಟ್ಟುಕೊಂಡು ಯೋಜನೆ ಮಾಡಬಾರದು. ಭವಿಷ್ಯ ನಿಧಿ ಮೊದಲಾದ ಕಡಿತಗಳು ಕಳೆದು ಖಾತೆಗೆ ಜಮೆಯಾಗುವ ಮೊತ್ತವೇ ಲೆಕ್ಕಕ್ಕೆ ಬರುತ್ತದೆ. ವಸತಿ ಮತ್ತು ಊಟಕ್ಕೆ ರೂ. 10,000, ಕಂತಿಗೆ ರೂ. 7,136 ಹೋದರೆ ಉಳಿಯುವುದು ರೂ. 4,864 ಮಾತ್ರ.

ಈ ಹಂತದಲ್ಲಿ ಇನ್ನೂ ವಿರಾಮ ಅವಧಿ ಉಳಿದಿರುತ್ತದೆ. ಹಣ ಮಿಕ್ಕಿದೆ ಎಂದು ಇತರ ವೆಚ್ಚಗಳನ್ನು ಹೆಚ್ಚಿಸಿಕೊಂಡವರಿಗೆ ಮುಂದಿನ ವರ್ಷದ ಕಂತು ಹೊರೆಯಾಗುತ್ತದೆ. ಅದರ ಬದಲು ಅಕ್ಟೋಬರ್‌ನಿಂದ ಜುಲೈವರೆಗಿನ ಹತ್ತು ತಿಂಗಳು ತಿಂಗಳಿಗೆ ರೂ. 7,000ದಂತೆ ಸಾಲ ಖಾತೆಗೆ ಕಟ್ಟಿದಲ್ಲಿ ರೂ. 70,000 ಬಡ್ಡಿ ತೀರಿ, ಬಾಕಿಯು ರೂ. 4,70,000ಕ್ಕೆ ಇಳಿಯುತ್ತದೆ. ಆಗ ಹತ್ತು ವರ್ಷಗಳ ಕಂತು ಸುಮಾರು ರೂ. 6,211 ಆಗುತ್ತದೆ. ಕಂತಿನ ಮೊತ್ತವನ್ನು ಬದಿಗಿಟ್ಟು ಬದುಕುವ ರೂಢಿಯೂ ಕಂತು ಬರುವ ಮೊದಲೇ ಆಗಿರುತ್ತದೆ.

ರೂ. 5,40,000 ಬಾಕಿಗೆ 15 ವರ್ಷಗಳ ಅವಧಿ ಆರಿಸಿಕೊಂಡರೆ ಕಂತು ಸುಮಾರು ರೂ. 5,803ಕ್ಕೆ ಇಳಿಯುತ್ತದೆಯಾದರೂ, ಹತ್ತು ವರ್ಷಗಳ ಅವಧಿಗೆ ಹೋಲಿಸಿದರೆ ಒಟ್ಟು ಸುಮಾರು ರೂ. 1,88,000 ಹೆಚ್ಚು ಪಾವತಿಸಬೇಕಾಗುತ್ತದೆ. ವೇತನ ಕಡಿಮೆ ಇರುವವರು ದೀರ್ಘ ಅವಧಿಯನ್ನು ಪಡೆದು, ವೇತನ ಏರಿದಂತೆ ಹೆಚ್ಚುವರಿ ಮೊತ್ತ ಕಟ್ಟಬಹುದು. ಮಾದರಿ ಯೋಜನೆಯಂತೆ ಅವಧಿಗೆ ಮುನ್ನ ಪಾವತಿಸಿದರೆ ದಂಡವಿಲ್ಲ. ಕಂತಿನ ದಿನಾಂಕವನ್ನು ವೇತನ ಜಮೆಯಾಗುವ ದಿನದ ನಂತರಕ್ಕೆ ನಿಗದಿಪಡಿಸಿಕೊಳ್ಳುವುದು ಸೂಕ್ತ.

5. ಉದ್ಯೋಗ ದೊರೆಯದಿದ್ದಲ್ಲಿ

ಕಂತು 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದರೆ ಖಾತೆಯನ್ನು ಅನುತ್ಪಾದಕ ಆಸ್ತಿ ಎಂದು ವರ್ಗೀಕರಿಸಲಾಗುತ್ತದೆ. ಪೋಷಕರು ಸಹ-ಸಾಲಗಾರರಾಗಿರುವುದರಿಂದ ಅವರ ಸಾಲದ ದಾಖಲೆಗೂ ಧಕ್ಕೆಯಾಗುತ್ತದೆ. ಮುಂದೆ ಅವರೇ ಸಾಲ ಕೇಳಿದಾಗ ತೊಂದರೆಯಾಗಬಹುದು. ಆದ್ದರಿಂದ ಉದ್ಯೋಗ ದೊರೆಯದವರು ಅಥವಾ ಕಳೆದುಕೊಂಡವರು ಮೊದಲ ಕಂತು ತಪ್ಪುವ ಮುನ್ನವೇ, ಸೂಕ್ತ ದಾಖಲೆಗಳೊಂದಿಗೆ ಕಂತು ಮುಂದೂಡಲು ಶಾಖೆಗೆ ಅರ್ಜಿ ಸಲ್ಲಿಸಬೇಕು. ನಿರುದ್ಯೋಗದ ಸಂದರ್ಭದಲ್ಲಿ ಇಂತಹ ವಿರಾಮ ನೀಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ವಿಷಯಗಳು ಬಾಕಿ ಉಳಿದು ವ್ಯಾಸಂಗ ತಡವಾದವರೂ ಕಾಲೇಜಿನ ದೃಢೀಕರಣ ಪತ್ರದೊಂದಿಗೆ ವಿಸ್ತರಣೆ ಕೋರಬಹುದು. ಮುಂದೂಡಿದ ಅವಧಿಯಲ್ಲಿಯೂ ಬಡ್ಡಿ ಬೀಳುತ್ತಿರುತ್ತದೆ.

ಶಾಖೆಗೆ ಲಿಖಿತ ದೂರು ನೀಡಿ 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರವು ಸಮಾಧಾನಕರವಾಗಿರದಿದ್ದಲ್ಲಿ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಜಾಲತಾಣದ ಮೂಲಕ ಉಚಿತವಾಗಿ ದೂರು ಸಲ್ಲಿಸಬಹುದಾಗಿದೆ. ದೂರಿನ ಸ್ವೀಕೃತಿ ಪ್ರತಿಯನ್ನು ಹಾಗೂ ಮಂಜೂರಾತಿ ಪತ್ರವನ್ನು ಸಾಲ ತೀರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.