ಹಬ್ಬದ ಮೆಸೇಜಿನಲ್ಲಿ ‘ಬಿಡು’ ಬೇಡ

ಮಲೆನಾಡು ಬಿಟ್ಟು ಕೆಲಸಕ್ಕೆ ಹೋದವರ ಮೊಬೈಲಿಗೆ ದೀಪಾವಳಿ ಹೊತ್ತಿಗೆ ಎರಡು ಬಗೆಯ ಮೆಸೇಜ್ ಬರುತ್ತವೆ. ಒಂದು, ಹಣತೆ ಚಿತ್ರದ ಕೆಳಗೆ ಶುಭಾಶಯ ಬರೆದ ಫಾರ್ವರ್ಡ್. ಇನ್ನೊಂದು, ‘ನೀನಿಲ್ಲದೆ ಹಬ್ಬ ಹಬ್ಬದ ಹಾಗೇ ಇಲ್ಲ’ ಎನ್ನುವಂಥದ್ದು. ಮೊದಲನೆಯದರಲ್ಲಿ ಪ್ರೀತಿಯೇ ಕಾಣುವುದಿಲ್ಲ. ಎರಡನೆಯದರಲ್ಲಿ ಪ್ರೀತಿಯ ಜೊತೆ ಒಂದು ಆರೋಪವೂ ಇರುತ್ತದೆ. ಕಳೆದ ದೀಪಾವಳಿಗೆ ನನಗೆ ಬೇಕಾಗಿದ್ದು ಇವೆರಡೂ ಅಲ್ಲದ ಮೂರನೆಯದೊಂದು.

ನನ್ನದು ಕೊಪ್ಪ ತಾಲ್ಲೂಕಿನ ಹಳ್ಳಿ, ಓದುತ್ತಿರುವುದು ಬಿ.ಇ. ಅವನ ಊರು ನರಸಿಂಹರಾಜಪುರದ ಕಡೆ. ಪರಿಚಯವಾದದ್ದು ನಾನು ಶೃಂಗೇರಿಯಲ್ಲಿ ಪಿಯುಸಿ ಓದುವಾಗ. ಡಿಪ್ಲೊಮಾ ಮುಗಿಸಿ ಜೂನ್‌ನಲ್ಲಿ ಅವನು ಪುಣೆ ಹತ್ತಿರದ ಒಂದು ಕಾರ್ಖಾನೆಗೆ ಟ್ರೈನಿಯಾಗಿ ಸೇರಿದ. ಆರು ತಿಂಗಳು ಮುಗಿಯುವ ತನಕ ಉದ್ದ ರಜೆ ಇಲ್ಲ. ಹೇಳದೆ ಕೇಳದೆ ಬಂದರೆ ಟ್ರೈನಿಂಗ್ ಮತ್ತೆ ಮುಂದಕ್ಕೆ ಹೋಗುತ್ತದೆ. ನಾವು ಜೋಡಿಯಾದ ಮೇಲೆ ಬಂದ ಮೊದಲ ದೊಡ್ಡ ಹಬ್ಬ ಅದು.

ನಮ್ಮ ಕಡೆ ದೀಪಾವಳಿ ಎಂದರೆ ಪಟಾಕಿಗಿಂತ ಹೆಚ್ಚಾಗಿ ಕೊಟ್ಟಿಗೆಯ ಹಬ್ಬ. ಬಲಿಪಾಡ್ಯಮಿಯ ದಿನ ದನಗಳ ಮೈ ತೊಳೆದು, ಕೆಮ್ಮಣ್ಣು ಹಚ್ಚಿ, ಅಡಿಕೆ, ಚೆಂಡುಹೂವಿನ ಹಾರ ಹಾಕಬೇಕು. ಅವನ ಮನೆಯಲ್ಲಿ ಆ ಕೆಲಸ ಪ್ರತಿವರ್ಷ ಅವನದೇ ಆಗಿತ್ತು. ಈ ಸಲ ಅಮ್ಮ ಒಬ್ಬರೇ. ಅಂದರೆ ನನ್ನ ಮೆಸೇಜ್ ತಲುಪುವ ಮೊದಲೇ ಅವನ ಎದೆಯಲ್ಲಿ ಒಂದು ಭಾರ ಇದ್ದೇ ಇರುತ್ತದೆ. ಅದರ ಮೇಲೆ ನನ್ನದೂ ಒಂದು ಹೊರೆ ಇಟ್ಟರೆ ಅವನು ಮಾಡುವುದು ಎರಡೇ: ಕ್ಷಮೆ ಕೇಳುವುದು, ಇಲ್ಲವೇ ಸುಮ್ಮನಾಗುವುದು. ಎರಡರಲ್ಲೂ ಅವನು ಅಲ್ಲಿ ಹೇಗಿದ್ದಾನೆ ಎಂಬುದು ನನಗೆ ಗೊತ್ತಾಗುವುದಿಲ್ಲ.

ಹಾಗಾದರೆ ನೋವು ತಾಗುವುದು ಯಾವ ಪದದಲ್ಲಿ? ‘ಯಾಕೆ ಬರಲಿಲ್ಲ’ ಎಂದು ನೇರವಾಗಿ ಕೇಳುವವರು ಕಡಿಮೆ. ಚುಚ್ಚುವುದು ಸಣ್ಣ ಸಣ್ಣ ಪದಗಳೇ. ‘ಪರವಾಗಿಲ್ಲ’ ಎಂದರೆ ಪರವಾಗಿಲ್ಲ. ‘ಪರವಾಗಿಲ್ಲ ಬಿಡು’ ಎಂದರೆ ಪರವಾಗಿದೆ ಎಂದೇ ಅರ್ಥ. ‘ಫೋನ್ ಮಾಡು’ ಎನ್ನುವುದು ಕರೆ. ‘ಫೋನ್ ಆದರೂ ಮಾಡು’ ಎಂದರೆ, ಬರುವುದಂತೂ ನಿನ್ನ ಕೈಲಾಗಲಿಲ್ಲ, ಇಷ್ಟನ್ನಾದರೂ ಮಾಡು ಎಂದ ಹಾಗೆ. ‘ಎಲ್ಲರೂ ಬಂದಿದ್ದಾರೆ’ ಎಂಬ ಸುದ್ದಿಯೊಳಗೆ ‘ನೀನೊಬ್ಬ ಬಿಟ್ಟು’ ಎಂಬುದು ಅಡಗಿರುತ್ತದೆ. ಎದುರಿಗಿದ್ದು ನಗುತ್ತಾ ಹೇಳಿದರೆ ಈ ಮಾತುಗಳು ತಾಗುವುದಿಲ್ಲ. ಮೆಸೇಜಿಗೆ ನಗು ಇಲ್ಲ, ರೂಮಿನಲ್ಲಿ ಒಬ್ಬನೇ ಕೂತು ಓದುವವನಿಗೆ ಪದ ಮಾತ್ರ ಸಿಗುತ್ತದೆ.

ಇದಕ್ಕೆ ಮದ್ದೂ ಕನ್ನಡದಲ್ಲೇ ಇದೆ. ‘ನೀನು ಬರಲಿಲ್ಲ’ ಎಂದರೆ ವಾಕ್ಯದ ಕರ್ತೃ ಅವನು, ಹೊಣೆಯೂ ಅವನದೇ. ‘ನನಗೆ ನಿನ್ನ ನೆನಪಾಯಿತು’ ಎಂದು ನೋಡಿ. ನೆನಪು ಯಾರೂ ಮಾಡಿದ್ದಲ್ಲ, ಮಳೆ ಬಂದ ಹಾಗೆ ತಾನಾಗಿ ಆದದ್ದು. ಹಂಬಲ ನನ್ನದಾಗಿಯೇ ಉಳಿಯುತ್ತದೆ, ತಪ್ಪು ಯಾರ ಮೇಲೂ ಬೀಳುವುದಿಲ್ಲ. ಎಷ್ಟು ನೆನಪಾಯಿತು ಎಂದು ಅಳೆಯುವುದಕ್ಕಿಂತ ಯಾವಾಗ ನೆನಪಾಯಿತು ಎಂದು ಹೇಳುವುದು ವಾಸಿ. ‘ತುಂಬಾ ತುಂಬಾ’ ಎಂದರೆ ಅವನು ಅದನ್ನು ತೀರಿಸಬೇಕಾದ ಸಾಲದಂತೆ ಓದುತ್ತಾನೆ. ‘ಹಂಡೆಗೆ ಹಿಂಡಲೆ ಬಳ್ಳಿ ಕಟ್ಟುವಾಗ ನೆನಪಾಯಿತು’ ಎಂದರೆ ಆ ಬಚ್ಚಲೊಲೆಯ ಮುಂದೆ ಅವನೂ ಬಂದು ನಿಲ್ಲುತ್ತಾನೆ.

ಪಿಯುಸಿಯಲ್ಲಿ ನಾನು ಸಂಸ್ಕೃತ ತೆಗೆದುಕೊಂಡಿದ್ದೆ. ಹಾಗಾಗಿ ಕಾಳಿದಾಸನ ಮೇಘದೂತ ಈ ಹೊತ್ತಿನಲ್ಲಿ ನೆನಪಾಯಿತು. ಬೇಂದ್ರೆಯವರು ‘ಕನ್ನಡ ಮೇಘದೂತ’ವೆಂದು ಕನ್ನಡಕ್ಕೆ ತಂದದ್ದೂ ಅದನ್ನೇ. ಒಂದು ವರ್ಷದ ಶಾಪಕ್ಕೆ ಸಿಕ್ಕಿ ದೂರದ ರಾಮಗಿರಿಯಲ್ಲಿರುವ ಯಕ್ಷ, ಹೆಂಡತಿಗೆ ಮೋಡದ ಕೈಲಿ ಸಂದೇಶ ಕಳಿಸುತ್ತಾನೆ. ಆ ಸಂದೇಶದ ಕ್ರಮ ನೋಡಿ. ಮೊದಲು ‘ನಾನು ಬದುಕಿದ್ದೇನೆ, ನೀನು ಕ್ಷೇಮವೇ’ ಎಂಬ ಮಾತು. ಆಮೇಲೆ ತನ್ನ ಹಂಬಲ. ಮತ್ತೆ ಒಂದು ದಿನದ ಲೆಕ್ಕ: ವಿಷ್ಣು ಹಾವಿನ ಹಾಸಿಗೆಯಿಂದ ಏಳುವಾಗ ಶಾಪ ಮುಗಿಯುತ್ತದೆ, ಇನ್ನು ನಾಲ್ಕೇ ತಿಂಗಳು. ಕೊನೆಗೆ ಅವರಿಬ್ಬರಿಗೇ ಗೊತ್ತಿರುವ ಒಂದು ಹಳೆಯ ಘಟನೆ, ಗುರುತಿಗೆ. ವಿಷ್ಣು ಏಳುವ ಆ ದಿನ ನಮಗೂ ಗೊತ್ತು. ದೀಪಾವಳಿಯಾಗಿ ಹನ್ನೊಂದು ಹನ್ನೆರಡು ದಿನಕ್ಕೆ ತುಳಸಿಕಟ್ಟೆಯ ಮುಂದೆ ದೀಪ ಹಚ್ಚುವ ಹೊತ್ತು ಅದು. ಇಷ್ಟು ವಿರಹದ ಕಾವ್ಯದಲ್ಲೂ ಸಂದೇಶಕ್ಕೆ ಒಂದು ತಾರೀಖು ಇದೆ ಎಂಬುದು ನನಗೆ ಇಷ್ಟವಾಯಿತು.

ಆ ಕ್ರಮವನ್ನೇ ಇಟ್ಟುಕೊಂಡು ನಾನು ಬರೆದದ್ದು ಇಷ್ಟು:

‘ಹಬ್ಬ ಚೆನ್ನಾಗಿ ಆಯ್ತು ಮಾರಾಯ. ಗೌರಿ ಹಾರ ಹಾಕಿದ ಐದೇ ನಿಮಿಷಕ್ಕೆ ಅರ್ಧ ತಿಂದು ಮುಗಿಸಿದಳು. ಆಗ ನಿನ್ನ ನೆನಪಾಯ್ತು, ನೀನಾಗಿದ್ರೆ ಎಷ್ಟು ನಗ್ತಿದ್ದೆ ಅಂತ. ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡ್ಕೊಂಡು ಹಾಡ್ತಾ ಬರ್ತಾರೆ, ಎದ್ದಿರ್ತೀನಿ. ನೀನು ಡಿಸೆಂಬರಿಗೆ ಬರ್ತೀಯಲ್ಲ, ಶೃಂಗೇರಿಗೆ ಹೋಗಿ ಮೀನಿಗೆ ಮಂಡಕ್ಕಿ ಹಾಕೋಣ. ಈ ಸಲ ಪೊಟ್ಟಣ ನಾನು ಹಿಡ್ಕೊತೀನಿ. ಇವತ್ತು ಊಟಕ್ಕೆ ಏನಿತ್ತು?’

ಹಬ್ಬ ಚೆನ್ನಾಗಿ ಆಯಿತು ಎಂದು ಮೊದಲೇ ಹೇಳಿದ್ದು ಬೇಕೆಂದೇ. ನಾನು ಅಳುತ್ತಾ ಕೂತಿಲ್ಲ ಎಂಬುದು ಅವನಿಗೆ ಮೊದಲ ಸಾಲಲ್ಲೇ ತಿಳಿದರೆ ಮುಂದಿನ ಸಾಲಿನ ನೆನಪನ್ನು ಹೆದರದೆ ಓದಬಹುದು. ‘ನೀನಾಗಿದ್ರೆ’ ಎಂಬ ಮಾತು ಅಪಾಯದ್ದೇ, ಆದರೆ ಅದು ನಗುವಿನಲ್ಲಿ ಮುಗಿಯುತ್ತದೆ. ಡಿಸೆಂಬರ್ ಎಂದದ್ದು ಅವನೇ, ನಾನು ಹೊಸ ಗಡುವು ಕೊಡಲಿಲ್ಲ. ಮಂಡಕ್ಕಿ ಪೊಟ್ಟಣ ಅವನ ಕೈಜಾರಿ ಇಡಿಯಾಗಿ ತುಂಗೆಗೆ ಬಿದ್ದದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಕೊನೆಯ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡಬಹುದು. ‘ಉತ್ತರ ಬರೆಯದಿದ್ದರೂ ನಡೆಯುತ್ತೆ’ ಎಂದಿದ್ದರೆ ಅದೂ ಇನ್ನೊಂದು ‘ಬಿಡು’ ಆಗುತ್ತಿತ್ತು.

ಜೊತೆಗೆ ಒಂದೇ ಫೋಟೊ ಕಳಿಸಿದೆ, ಅರ್ಧ ಹಾರದ ಗೌರಿಯದು. ಮನೆಮಂದಿಯೆಲ್ಲ ಸಾಲಾಗಿ ನಿಂತ ಫೋಟೊದಲ್ಲಿ ದೂರ ಇರುವವರಿಗೆ ಮೊದಲು ಕಾಣುವುದು ತಾವು ನಿಲ್ಲಬೇಕಾಗಿದ್ದ ಜಾಗ.

ಸಮಯವನ್ನೂ ನೋಡಿಕೊಳ್ಳಬೇಕು. ಆ ವಾರ ಅವನಿಗೆ ಸೆಕೆಂಡ್ ಶಿಫ್ಟ್, ರಾತ್ರಿ ಹನ್ನೊಂದೂವರೆ ತನಕ ಮೊಬೈಲ್ ಲಾಕರಿನಲ್ಲಿ. ಮಧ್ಯಾಹ್ನ ಕಳಿಸಿದರೆ ಓದಿಕೊಂಡೇ ಮೆಷಿನ್ ಮುಂದೆ ನಿಲ್ಲುತ್ತಾನೆ, ಉತ್ತರ ಬರೆಯಲಾಗದೆ ಎಂಟು ಗಂಟೆ ಅದನ್ನೇ ಹೊತ್ತಿರುತ್ತಾನೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡದ ತಲೆಗೆ ಹೋಗಬೇಕು. ಸಂಜೆ ಆರಕ್ಕೆ ಹತ್ತಿ ಕಳಿಸಿ ಇಳಿದೆ. ಎರಡು ಗೆರೆ ನೀಲಿಯಾಗುವುದನ್ನು ಕಾಯುವಂತಿರಲಿಲ್ಲ, ಅದು ಒಳ್ಳೆಯದೇ ಆಯಿತು.

ಒಂದು ಮಾತು. ಬರಲು ಸಾಧ್ಯವಿದ್ದೂ ಬಾರದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ನಿಮಗಿರುವುದು ಹಂಬಲವಲ್ಲ, ದೂರು. ದೂರನ್ನು ಹಬ್ಬದ ಶುಭಾಶಯದೊಳಗೆ ಸುತ್ತಿ ಕಳಿಸಬೇಡಿ. ಹಬ್ಬ ಕಳೆದು ಎರಡು ದಿನ ಬಿಟ್ಟು ಫೋನಿನಲ್ಲಿ ದೂರನ್ನು ದೂರಿನಂತೆಯೇ ಹೇಳಿ.

ಮಾರನೇ ದಿನ ಗುಡ್ಡ ಹತ್ತಿದಾಗ ಅವನ ಉತ್ತರ ಬಂದಿತ್ತು. ಊಟಕ್ಕೆ ಏನಿತ್ತೆಂದು ಒಂದು ಸಾಲು. ಅದರ ಕೆಳಗೆ, ಕೇಳದಿದ್ದರೂ, ಉದ್ದಕ್ಕೆ ಬರೆದಿದ್ದ. ಅಮ್ಮನ ಜೊತೆ ಮಾತಾಡಿದ ಮೇಲೆ ಕ್ಯಾಂಟೀನಿನ ಹಿಂದೆ ಹೋಗಿ ಅತ್ತದ್ದು, ಕೆಲಸ ಬಿಟ್ಟು ಬರೋಣ ಎನಿಸಿದ್ದು, ಮತ್ತೆ ಡಿಸೆಂಬರ್ ತನಕ ನೋಡೋಣ ಎಂದುಕೊಂಡದ್ದು. ‘ಸಾರಿ’ ಎಂಬ ಪದ ಮಾತ್ರ ಎಲ್ಲೂ ಇರಲಿಲ್ಲ.