ಮುನೀಮನ ಕೈಗೆ ಬಾರದ 501 ರೂಪಾಯಿ

ಕಾನೂನು ಕಾಲೇಜಿಗೆ ಸೇರಿ ಕರಾರು ಕಾಯ್ದೆ ಓದತೊಡಗಿದವರಿಗೆ ಮೊದಲ ತಿಂಗಳಲ್ಲೇ ಲಾಲ್‌ಮನ್ ಶುಕ್ಲ ಎಂಬ ಮುನೀಮ ಎದುರಾಗುತ್ತಾನೆ. ಅಲಹಾಬಾದ್ ಹೈಕೋರ್ಟ್ 1913ರಲ್ಲಿ ತೀರ್ಮಾನಿಸಿದ ‘ಲಾಲ್‌ಮನ್ ಶುಕ್ಲ ವಿರುದ್ಧ ಗೌರಿದತ್ತ’ ಪ್ರಕರಣ ಅದು. ಪರೀಕ್ಷೆಯ ನೋಟ್ಸ್‌ನಲ್ಲಿ ಇದಕ್ಕೆ ಸಿಗುವ ಜಾಗ ಒಂದೇ ಸಾಲು: ಬಹುಮಾನದ ಘೋಷಣೆ ಗೊತ್ತಿಲ್ಲದವನು ಬಹುಮಾನ ಕೇಳುವಂತಿಲ್ಲ. ತೀರ್ಪು ಎರಡು ಪುಟವೂ ಇರಲಿಕ್ಕಿಲ್ಲ. ಆದರೂ ಅದನ್ನು ಸಂಗತಿ, ವಿವಾದಾಂಶ, ತೀರ್ಮಾನ, ಕಾರಣ ಎಂದು ನಾಲ್ಕಾಗಿ ಬಿಡಿಸಿದರೆ ಆ ಒಂದು ಸಾಲು ಅರ್ಧ ಮಾತ್ರ ನಿಜವೆಂದು ತಿಳಿಯುತ್ತದೆ.

ಮೊದಲು ಸಂಗತಿಗಳು. ಕಾನ್ಪುರದ ಗೌರಿದತ್ತರ ನಂಟ ಹುಡುಗನೊಬ್ಬ ಮನೆ ಬಿಟ್ಟು ಓಡಿಹೋದ. ಹುಡುಕಲು ನೌಕರರನ್ನು ದಿಕ್ಕುದಿಕ್ಕಿಗೆ ಅಟ್ಟಿದರು. ಅವರ ಅಂಗಡಿಯ ಮುನೀಮ ಲಾಲ್‌ಮನ್ ರೈಲಿನ ಖರ್ಚು ಪಡೆದು ಹರಿದ್ವಾರಕ್ಕೆ ಹೋದ. ಅವನು ಹೊರಟ ಮೇಲೆ, ಹುಡುಗನನ್ನು ಪತ್ತೆ ಮಾಡಿದವರಿಗೆ 501 ರೂಪಾಯಿ ಎಂದು ಗೌರಿದತ್ತರು ಕರಪತ್ರ ಹೊರಡಿಸಿದರು. ಲಾಲ್‌ಮನ್ ಹುಡುಗನನ್ನು ಋಷಿಕೇಶದಲ್ಲಿ ಪತ್ತೆಹಚ್ಚಿ ತಂತಿ ಕಳಿಸಿದ. ಯಜಮಾನರು ಬಂದು ಕರೆದೊಯ್ದರು, ಅವನಿಗೆ ಎರಡು ಚಿನ್ನದ ನಾಣ್ಯ ಕೊಟ್ಟರು, ಊರಿಗೆ ಮರಳಿದ ಮೇಲೆ 20 ರೂಪಾಯಿ ಸೇರಿಸಿದರು. ಆಗ ಅವನು ತುಟಿಪಿಟಕ್ಕೆನ್ನಲಿಲ್ಲ. ಸುಮಾರು ಆರು ತಿಂಗಳ ಮೇಲೆ ಕೆಲಸದಿಂದ ತೆಗೆದಾಗ, ಬಹುಮಾನದ ಬಾಕಿ 499 ರೂಪಾಯಿ ಕೊಡಿ ಎಂದು ದಾವೆ ಹೂಡಿದ.

ಕಥೆಯಾಗಿ ಎಲ್ಲವೂ ಸ್ವಾರಸ್ಯವೇ. ಆದರೆ ಪ್ರಕರಣವನ್ನು ಬಿಡಿಸುವವರು ಒಂದೊಂದು ಸಂಗತಿಯನ್ನೂ ತೆಗೆದು ನೋಡಬೇಕು: ಇದು ಇಲ್ಲದಿದ್ದರೆ ಫಲಿತಾಂಶ ಬದಲಾಗುತ್ತಿತ್ತೇ? ಋಷಿಕೇಶದ ಬದಲು ಕಾಶಿಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ನೌಕರಿಯಿಂದ ತೆಗೆದದ್ದು ದಾವೆಯ ಹಿಂದಿನ ಸಿಟ್ಟನ್ನು ಹೇಳುತ್ತದೆ, ಹಕ್ಕಿನ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಅವನು ನೌಕರನಾಗಿದ್ದದ್ದು ಮತ್ತು ಕರಪತ್ರ ಅವನು ಹೊರಟ ಮೇಲೆ ಬಂದದ್ದು, ಇವೆರಡನ್ನು ತೆಗೆದರೆ ತೀರ್ಪೇ ಕುಸಿಯುತ್ತದೆ. ಹೊರಡುವಾಗಲೇ ಬಹುಮಾನದ ಮಾತು ಕೊಟ್ಟಿದ್ದರು ಎಂದು ಲಾಲ್‌ಮನ್ ಹೇಳಿದ್ದ, ಕೋರ್ಟು ಅದನ್ನು ಸುಳ್ಳೆಂದಿತು. ಹಾಗಾಗಿ ಅದು ಅವನ ಆರೋಪ ಮಾತ್ರ, ಸಂಗತಿಗಳ ಪಟ್ಟಿಗೆ ಸೇರದು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಹೆಚ್ಚಿನ ನೋಟ್ಸ್ ಬಿಟ್ಟುಬಿಡುವ ಇನ್ನೊಂದು ಮಾತು ತೀರ್ಪಿನಲ್ಲಿದೆ: ಆ ಕರಪತ್ರಗಳಲ್ಲಿ ಕೆಲವನ್ನು ಹರಿದ್ವಾರಕ್ಕೆ ಅವನಿಗೇ ಕಳಿಸಿದ್ದರು. ಹಾಗಿದ್ದರೆ ಘೋಷಣೆ ಅವನಿಗೆ ಗೊತ್ತೇ ಇರಲಿಲ್ಲ ಎಂದು ಅಷ್ಟು ಸಲೀಸಾಗಿ ಬರೆಯುವುದು ಹೇಗೆ?

ವಿವಾದಾಂಶವನ್ನು ‘ಲಾಲ್‌ಮನ್‌ಗೆ ಹಣ ಸಿಗಬೇಕೇ?’ ಎಂದು ಬರೆದರೆ ಅದು ಬೇರೆ ಯಾವ ಪ್ರಕರಣಕ್ಕೂ ನೆರವಾಗದು. ‘ಕರಾರು ಎಂದರೇನು?’ ಎಂದರೆ ಹಿಡಿತಕ್ಕೇ ಸಿಗದು. ಕಾನೂನಿನ ಪ್ರಶ್ನೆ ಮತ್ತು ತಿರುಳಿನ ಸಂಗತಿ ಒಂದೇ ವಾಕ್ಯದಲ್ಲಿ ಕೂಡಬೇಕು: ಯಜಮಾನನ ಆಣತಿಯಂತೆ ಹುಡುಕಲು ಹೊರಟ ನೌಕರ, ಆಮೇಲೆ ಘೋಷಣೆಯಾದ ಬಹುಮಾನವನ್ನು ಕರಾರಿನ ಆಧಾರದಲ್ಲಿ ಕೇಳಬಹುದೇ? ತೀರ್ಮಾನ ಚಿಕ್ಕದು: ಕೇಳುವಂತಿಲ್ಲ. ಕೆಳಗಿನ ಕೋರ್ಟು ದಾವೆಯನ್ನು ವಜಾ ಮಾಡಿದ್ದು ಸರಿ ಎಂದು ನ್ಯಾಯಮೂರ್ತಿ ಬ್ಯಾನರ್ಜಿ ಲಾಲ್‌ಮನ್‌ನ ರಿವಿಷನ್ ಅರ್ಜಿಯನ್ನು ಖರ್ಚು ಸಮೇತ ತಳ್ಳಿಹಾಕಿದರು.

ಕಾರಣದ ಭಾಗವನ್ನು ನಿಧಾನವಾಗಿ ಓದಬೇಕು. ಷರತ್ತನ್ನು ನೆರವೇರಿಸುವುದೇ ಪ್ರಸ್ತಾವದ ಸ್ವೀಕಾರ ಎನ್ನುತ್ತದೆ 1872ರ ಕರಾರು ಕಾಯ್ದೆಯ 8ನೇ ಕಲಂ. ಹುಡುಗನನ್ನು ಪತ್ತೆ ಮಾಡಿದ್ದೇನೆ, ಅಷ್ಟು ಸಾಕು ಎಂಬುದು ಲಾಲ್‌ಮನ್ ಕಡೆಯ ವಾದ. ನ್ಯಾಯಮೂರ್ತಿಗಳು ಎರಡು ಉತ್ತರ ಕೊಟ್ಟರು. ಪ್ರಸ್ತಾವದ ಅರಿವಿಲ್ಲದೆ ಸ್ವೀಕಾರವಿಲ್ಲ ಎಂಬುದು ಮೊದಲನೆಯದು. ನೋಟ್ಸ್ ಹಿಡಿದುಕೊಂಡದ್ದು ಇದನ್ನೇ. ಆದರೆ ಲಾಲ್‌ಮನ್‌ನ ವಿಷಯಕ್ಕೆ ಬರುತ್ತಲೇ ಅವರು ಹೇಳಿದ್ದು ಬೇರೆ: ಕಾಣೆಯಾದವರನ್ನು ಹುಡುಕುವುದು ಮುನೀಮನ ದಿನನಿತ್ಯದ ಕೆಲಸವಲ್ಲ ನಿಜ, ಆದರೆ ಹರಿದ್ವಾರಕ್ಕೆ ಹೋಗಲು ಒಪ್ಪಿದಾಗಲೇ ಅವನು ಆ ಹೊಣೆ ಹೊತ್ತ. ಆಗಲೇ ಹೊತ್ತ ಹೊಣೆಯನ್ನು ತೀರಿಸುವುದು ಆಮೇಲೆ ಬಂದ ಹೊಸ ಮಾತಿಗೆ ಪ್ರತಿಫಲವಾಗದು.

ಈ ಎರಡರಲ್ಲಿ ಅರ್ಜಿಯನ್ನು ಬೀಳಿಸಿದ್ದು ಯಾವುದು? ಈ ಬರಹದ ಓದಿನಲ್ಲಿ ಎರಡನೆಯದೇ, ಏಕೆಂದರೆ ಕರಪತ್ರ ಲಾಲ್‌ಮನ್ ಕೈ ಸೇರಿತ್ತು ಎಂದುಕೊಂಡರೂ ಅದು ನಿಲ್ಲುತ್ತದೆ. ಇದನ್ನು ಪರೀಕ್ಷಿಸಲು ಒಂದು ಕಲ್ಪನೆ ಸಾಕು. ಯಾರ ನೌಕರನೂ ಅಲ್ಲದ, ಕರಪತ್ರವನ್ನು ಕಂಡೇ ಇರದ ಋಷಿಕೇಶದ ಅಂಗಡಿಕಾರನೊಬ್ಬ ಹುಡುಗನನ್ನು ಗುರುತಿಸಿ ತಂತಿ ಕಳಿಸಿದ ಎನ್ನೋಣ. ಅವನ ವಿರುದ್ಧ ವಾದಿಸುವ ವಕೀಲರು ಮೊದಲ ಕಾರಣವನ್ನು ತೋರಿಸುತ್ತಾರೆ. ಲಾಲ್‌ಮನ್ ಸೋತದ್ದು ನೌಕರನಾಗಿದ್ದರಿಂದ, ಅರಿವಿನ ಮಾತು ಆ ತೀರ್ಪಿಗೆ ಬೇಕೇ ಇರಲಿಲ್ಲ, ಹಾಗಾಗಿ ಅದು ನಮ್ಮನ್ನು ಕಟ್ಟಿಹಾಕದು ಎಂದು ಅಂಗಡಿಕಾರನ ವಕೀಲರು ಎದ್ದು ನಿಲ್ಲುತ್ತಾರೆ.